ಯಾವ ವಿಡಿಯೊದ ಶೀರ್ಷಿಕೆ ಬದಲಿಸಬೇಕು? ಅಂಕಿಗಳನ್ನು ಓದಿ ನಿರ್ಧರಿಸುವ ಬಗೆ

ಯೂಟ್ಯೂಬ್‌ಗೆ ವಿಡಿಯೊ ಹಾಕಿ ಕೆಲವು ತಿಂಗಳಾಗಿ, ನಿರೀಕ್ಷಿಸಿದಷ್ಟು ಜನ ನೋಡದಿದ್ದರೆ ಮೊದಲು ಕೈ ಹೋಗುವುದು ಶೀರ್ಷಿಕೆಯ ಕಡೆಗೆ. ಅದನ್ನು ಬದಲಿಸಲು ಅರ್ಧ ನಿಮಿಷ ಸಾಕು. ಆ ಸುಲಭದಲ್ಲೇ ಅಪಾಯವೂ ಇದೆ. ಚೆನ್ನಾಗಿ ದುಡಿಯುತ್ತಿರುವ ಶೀರ್ಷಿಕೆಯನ್ನು ತಿದ್ದಿ ಬರುವವರನ್ನೂ ಕಳೆದುಕೊಳ್ಳುವುದು, ನಿಜವಾಗಿ ಸೋತಿರುವುದನ್ನು ಹಾಗೆಯೇ ಬಿಡುವುದು ಎರಡೂ ತೀರಾ ಸಾಮಾನ್ಯ. ಯೂಟ್ಯೂಬ್ ಸ್ಟುಡಿಯೊ ತೋರಿಸುವ ಇಂಪ್ರೆಷನ್ ಮತ್ತು ಕ್ಲಿಕ್ ಪ್ರಮಾಣ ಎಂಬ ಎರಡು ಅಂಕಿಗಳನ್ನು ಸರಿಯಾಗಿ ಓದಿದರೆ ಯಾವುದು ಯಾವುದೆಂದು ತಿಳಿಯುತ್ತದೆ. ಒಟ್ಟು ಅಂಕಿಯನ್ನು ಒಂದೇ ನೋಟದಲ್ಲಿ ಓದುವುದೇ ಹೆಚ್ಚಿನವರು ಮಾಡುವ ತಪ್ಪು.

ಏನನ್ನು ಎಣಿಸುತ್ತಾರೆ?

ನಿಮ್ಮ ವಿಡಿಯೊದ ಥಂಬ್‌ನೇಲ್ ಯಾರದೋ ಪರದೆಯ ಮೇಲೆ ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು, ಕನಿಷ್ಠ ಅರ್ಧ ಭಾಗವಾದರೂ ಕಾಣಿಸಿದರೆ ಅದು ಒಂದು ಇಂಪ್ರೆಷನ್. ಹಾಗೆ ಕಂಡವುಗಳಲ್ಲಿ ನೂರಕ್ಕೆ ಎಷ್ಟು ವೀಕ್ಷಣೆಯಾಗಿ ಮಾರ್ಪಟ್ಟವು ಎಂಬುದು ಕ್ಲಿಕ್ ಪ್ರಮಾಣ. ಬೇರೆ ಜಾಲತಾಣಗಳಲ್ಲಿ ಹಂಚಿದ ಕೊಂಡಿ, ವಿಡಿಯೊದ ಕೊನೆಯಲ್ಲಿ ಬರುವ ಎಂಡ್ ಸ್ಕ್ರೀನ್, ಇಮೇಲ್ ಇವುಗಳಿಂದ ಬಂದವರು ಈ ಲೆಕ್ಕಕ್ಕೆ ಸೇರುವುದಿಲ್ಲ. ಹಾಗಾಗಿ ಒಟ್ಟು ವೀಕ್ಷಣೆಯನ್ನು ಇಂಪ್ರೆಷನ್‌ನಿಂದ ಭಾಗಿಸಿ ನೀವೇ ಲೆಕ್ಕ ಹಾಕಬೇಡಿ, ಉತ್ತರ ತಪ್ಪಾಗುತ್ತದೆ. ಸ್ಟುಡಿಯೊ ಕೊಡುವ ಅಂಕಿಯನ್ನೇ ಬಳಸಿ.

ಅರ್ಧದಷ್ಟು ಚಾನೆಲ್‌ಗಳ ಮತ್ತು ವಿಡಿಯೊಗಳ ಕ್ಲಿಕ್ ಪ್ರಮಾಣ ಶೇ 2ರಿಂದ 10ರ ನಡುವೆ ಇರುತ್ತದೆ ಎಂದು ಯೂಟ್ಯೂಬ್ ತನ್ನ ಸಹಾಯ ಪುಟದಲ್ಲಿ ಹೇಳುತ್ತದೆ. ಇಷ್ಟು ಅಗಲವಾದ ಅಳತೆಗೋಲಿನಿಂದ ನಿಮ್ಮ ಒಂದು ವಿಡಿಯೊವನ್ನು ಅಳೆಯಲಾಗದು. ಹೋಲಿಕೆ ಏನಿದ್ದರೂ ನಿಮ್ಮ ಚಾನೆಲ್ಲಿನ ಒಳಗೇ ನಡೆಯಬೇಕು.

ಮೂಲ ಬೇರ್ಪಡಿಸಿ

ಕ್ಲಿಕ್ ಪ್ರಮಾಣವನ್ನು ಎಲ್ಲಕ್ಕಿಂತ ಹೆಚ್ಚು ಏರಿಳಿಸುವುದು ಶೀರ್ಷಿಕೆಯಲ್ಲ, ವಿಡಿಯೊ ಎಲ್ಲಿ ಕಾಣಿಸಿತು ಎಂಬುದು. ಯಾವುದೋ ಸಮಸ್ಯೆಗೆ ಪರಿಹಾರ ಹುಡುಕುತ್ತಿರುವವನ ಮುಂದೆ ಬಂದ ವಿಡಿಯೊ ಹೆಚ್ಚು ಕ್ಲಿಕ್ ಪಡೆಯುತ್ತದೆ. ಮುಖಪುಟದಲ್ಲಿ ಸುಮ್ಮನೆ ಬೆರಳಾಡಿಸುತ್ತಿರುವವನಿಗೆ ಅದೇ ವಿಡಿಯೊದ ಅಗತ್ಯವಿರುವುದಿಲ್ಲ. ಯೂಟ್ಯೂಬ್ ನಿಮ್ಮ ವಿಡಿಯೊವನ್ನು ಮೆಚ್ಚಿ, ನಿಮ್ಮನ್ನು ಅರಿಯದ ಸಾವಿರಾರು ಜನರ ಮುಖಪುಟಕ್ಕೆ ತಲುಪಿಸಿದಾಗ ಒಟ್ಟು ಕ್ಲಿಕ್ ಪ್ರಮಾಣ ಇಳಿಯುವುದು ಸಹಜ. ಆ ಇಳಿಕೆಯನ್ನು ಕಂಡು ಗಾಬರಿಯಾಗಿ ಶೀರ್ಷಿಕೆ ಬದಲಿಸುವವರನ್ನು ನೋಡಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ವಿಡಿಯೊ ಗೆಲ್ಲುತ್ತಿರುವ ಹೊತ್ತಿನಲ್ಲೇ ಅದರ ಕಾಲಿಗೆ ಅಡ್ಡ ಬಂದಂತೆ ಅದು.

ಆದ್ದರಿಂದ ಸ್ಟುಡಿಯೊದ Analytics ಪುಟದಲ್ಲಿ Advanced mode ತೆರೆಯಿರಿ. ಅವಧಿಯನ್ನು 90 ದಿನಕ್ಕೆ ಇಡಿ. ಶಾರ್ಟ್ಸ್ ಇದ್ದರೆ ಫಿಲ್ಟರ್ ಹಾಕಿ ಹೊರಗಿಡಿ, ಅವು ಬೇರೆ ರೀತಿಯಲ್ಲಿ ವೀಕ್ಷಕರನ್ನು ತಲುಪುವುದರಿಂದ ಈ ಲೆಕ್ಕಕ್ಕೆ ಹೊಂದುವುದಿಲ್ಲ. ಆಮೇಲೆ Traffic source ಆಯ್ದುಕೊಂಡು ಇಡೀ ಚಾನೆಲ್ಲಿನ ಕ್ಲಿಕ್ ಪ್ರಮಾಣವನ್ನು ಮೂಲವಾರು ಬರೆದಿಟ್ಟುಕೊಳ್ಳಿ. ಅಲ್ಲಿ Browse features ಎಂದರೆ ಮುಖ್ಯವಾಗಿ ಮುಖಪುಟ, YouTube search ಎಂದರೆ ಹುಡುಕಾಟ, Suggested videos ಎಂದರೆ ಬೇರೆ ವಿಡಿಯೊಗಳ ಪಕ್ಕದಲ್ಲಿ ಅಥವಾ ನಂತರ ಸೂಚಿಸಿದವು. ಇದು ನಿಮ್ಮ ವಾಡಿಕೆಯ ಮಟ್ಟ. ಮುಂದಿನದೆಲ್ಲ ಇದಕ್ಕೆ ಹೋಲಿಸಿಯೇ.

ನಾಲ್ಕು ವಿಡಿಯೊಗಳ ಲೆಕ್ಕ

ಸೈಕಲ್ ರಿಪೇರಿ ಕಲಿಸುವ ಒಂದು ಚಾನೆಲ್ ಇದೆ ಎಂದಿಟ್ಟುಕೊಳ್ಳೋಣ. ಅಂಕಿಗಳು ಉದಾಹರಣೆಗಾಗಿ ಕಟ್ಟಿದವು. ಈ ಚಾನೆಲ್ಲಿನ ವಾಡಿಕೆಯ ಕ್ಲಿಕ್ ಪ್ರಮಾಣ ಮುಖಪುಟದಲ್ಲಿ ಶೇ 2.4, ಹುಡುಕಾಟದಲ್ಲಿ ಶೇ 6.

ಮೊದಲನೆಯದು ಪಂಕ್ಚರ್ ಹಾಕುವ ವಿಡಿಯೊ. 60,000 ಇಂಪ್ರೆಷನ್, ಒಟ್ಟು ಕ್ಲಿಕ್ ಪ್ರಮಾಣ ಶೇ 3.1. ಕಡಿಮೆ ಎನಿಸುತ್ತದೆ. ಬಿಡಿಸಿ ನೋಡಿದರೆ 50,000 ಇಂಪ್ರೆಷನ್ ಮುಖಪುಟದಿಂದಲೇ ಬಂದಿದ್ದು, ಅಲ್ಲಿ ಶೇ 2.5 ಇದೆ. ಹುಡುಕಾಟದ 8,000ದಲ್ಲಿ ಶೇ 6.5 ಇದೆ. ಎರಡೂ ಕಡೆ ವಾಡಿಕೆಗಿಂತ ತುಸು ಮೇಲೆಯೇ. ಈ ಶೀರ್ಷಿಕೆಯನ್ನು ಮುಟ್ಟಬಾರದು.

ಎರಡನೆಯದರ ಶೀರ್ಷಿಕೆ ‘ಚೈನ್ ನಿರ್ವಹಣೆ – ಭಾಗ 3’. 22,000 ಇಂಪ್ರೆಷನ್, ಒಟ್ಟು ಶೇ 2.6. ಮೇಲಿನದಕ್ಕಿಂತ ಅರ್ಧ ಅಂಶ ಮಾತ್ರ ಕಡಿಮೆ, ಆದರೆ ಒಳಗಿನ ಕಥೆಯೇ ಬೇರೆ. ಇದರಲ್ಲಿ 16,000 ಹುಡುಕಾಟದಿಂದ ಬಂದಿವೆ, ಅಲ್ಲಿ ಕ್ಲಿಕ್ ಪ್ರಮಾಣ ಶೇ 2. ಚಾನೆಲ್ಲಿನ ವಾಡಿಕೆಯ ಮೂರನೇ ಒಂದು ಭಾಗ! ಮುಖಪುಟದ 4,000ದಲ್ಲಿ ಮಾತ್ರ ಶೇ 3, ಅಂದರೆ ವಾಡಿಕೆಗಿಂತ ಮೇಲೆ. ಚೈನಿನ ತೊಂದರೆಗೆ ಉತ್ತರ ಹುಡುಕುತ್ತಿರುವವರ ಕಣ್ಣಿಗೆ ವಿಡಿಯೊ ಬೀಳುತ್ತಿದೆ, ಅವರು ಓದಿ ಮುಂದೆ ಹೋಗುತ್ತಿದ್ದಾರೆ. ತಿದ್ದಬೇಕಾದ ಶೀರ್ಷಿಕೆ ಇದು.

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ಜನ ಶೀರ್ಷಿಕೆ ಮತ್ತು ಥಂಬ್‌ನೇಲ್ ಎರಡನ್ನೂ ಒಟ್ಟಿಗೆ ನೋಡುವಾಗ ತಪ್ಪು ಯಾವುದರದು? ಖಚಿತವಾಗಿ ಹೇಳುವ ಅಂಕಿ ಯಾವುದೂ ಇಲ್ಲ, ಆದರೆ ಸುಳಿವು ಇದೆ. ಹುಡುಕುವವನು ತಾನು ಟೈಪ್ ಮಾಡಿದ ಪದಗಳಿಗಾಗಿ ಪರದೆಯನ್ನು ಓದುತ್ತಾನೆ, ಮುಖಪುಟದಲ್ಲಿರುವವನ ಕಣ್ಣು ಮೊದಲು ಚಿತ್ರದ ಮೇಲೆ ಹೋಗುತ್ತದೆ. ಹುಡುಕಾಟದಲ್ಲಿ ಸೋತು ಮುಖಪುಟದಲ್ಲಿ ಸರಿಯಿದ್ದರೆ ನಾನು ಶೀರ್ಷಿಕೆಯನ್ನು ಶಂಕಿಸುತ್ತೇನೆ. ಅದಕ್ಕೆ ತಿರುಗುಮುರುಗಾಗಿದ್ದರೆ ಥಂಬ್‌ನೇಲನ್ನು.

ಮೂರನೆಯದು ಗೇರ್ ಹೊಂದಿಸುವ ವಿಡಿಯೊ. 900 ಇಂಪ್ರೆಷನ್, ಶೇ 1.9. ನಾಲ್ಕರಲ್ಲಿ ಅತಿ ಕಡಿಮೆ ಪ್ರಮಾಣ ಇದರದೇ. ಆದರೂ ಶೀರ್ಷಿಕೆ ಕೆಟ್ಟದ್ದು ಎನ್ನುವಂತಿಲ್ಲ. 900ಕ್ಕೆ ಶೇ 1.9 ಎಂದರೆ ಕ್ಲಿಕ್ ಮಾಡಿದ್ದು ಹದಿನೇಳು ಸಲ. ಇಷ್ಟು ಸಣ್ಣ ಸಂಖ್ಯೆ ಬರೀ ಆಕಸ್ಮಿಕವಾಗಿಯೇ ಮೇಲೆ ಕೆಳಗೆ ಆಗುತ್ತದೆ. ಅಂದಾಜಿಗೆ ಒಂದು ಸುಲಭ ದಾರಿಯಿದೆ: ಕ್ಲಿಕ್ಕುಗಳ ಸಂಖ್ಯೆಯ ವರ್ಗಮೂಲ ತೆಗೆದು ಅದರ ಎರಡರಷ್ಟನ್ನು ಕೂಡಿಸಿ, ಕಳೆದು ನೋಡಿ. ಹದಿನೇಳರ ವರ್ಗಮೂಲ ಸುಮಾರು ನಾಲ್ಕು, ಆದ್ದರಿಂದ ನಿಜವಾದ ಸಂಖ್ಯೆ 9ರಿಂದ 25ರ ನಡುವೆ ಎಲ್ಲಿಯೂ ಇರಬಹುದು. ಪ್ರಮಾಣದಲ್ಲಿ ಹೇಳುವುದಾದರೆ ಶೇ 1ರಿಂದ 2.8. ವಾಡಿಕೆಯ ಶೇ 2.4 ಇದರೊಳಗೇ ಇದೆ. ಈ ವಿಡಿಯೊದ ಕೊರತೆ ಕ್ಲಿಕ್ಕಿನದಲ್ಲ, ಅದು ಕಾಣಿಸುತ್ತಲೇ ಇಲ್ಲ ಎಂಬುದು. ಸದ್ಯಕ್ಕೆ ಬಿಟ್ಟುಬಿಡಿ.

ನಾಲ್ಕನೆಯದು ‘ಬ್ರೇಕ್ ಸದ್ದು ಒಂದೇ ನಿಮಿಷದಲ್ಲಿ ಮಾಯ’. ಕ್ಲಿಕ್ ಪ್ರಮಾಣ ಶೇ 8.2, ನಾಲ್ಕರಲ್ಲಿ ಎಲ್ಲಕ್ಕಿಂತ ಹೆಚ್ಚು. ಇದನ್ನು ಕಂಡು ಹಿಗ್ಗುವ ಮೊದಲು ಸರಾಸರಿ ವೀಕ್ಷಣಾ ಅವಧಿಯನ್ನು ನೋಡಬೇಕು. ಆರು ನಿಮಿಷದ ವಿಡಿಯೊವನ್ನು ಜನ ಸರಾಸರಿ ಒಂದು ನಿಮಿಷ ಹತ್ತು ಸೆಕೆಂಡು ನೋಡಿದ್ದಾರೆ. ಕಾರಣ ಸ್ಪಷ್ಟವಿದೆ. ಶೀರ್ಷಿಕೆ ಒಂದು ನಿಮಿಷದ ಮಾತು ಕೊಟ್ಟಿದೆ, ವಿಡಿಯೊ ಮಾತ್ರ ರಿಮ್ ಒರೆಸುವುದರಲ್ಲೇ ಎರಡು ನಿಮಿಷ ಕಳೆಯುತ್ತದೆ. ಕ್ಲಿಕ್ ಹೆಚ್ಚಿದ್ದರೂ ಈ ಶೀರ್ಷಿಕೆ ಬದಲಾಗಲೇಬೇಕು. ‘ಬ್ರೇಕ್ ಕಿರುಗುಟ್ಟುತ್ತಿದೆಯೇ? ರಿಮ್ ಒರೆಸಿ, ಪ್ಯಾಡ್ ಓರೆ ಮಾಡಿ’ ಎಂದರೆ ಕ್ಲಿಕ್ ಇಳಿಯಬಹುದು, ಬಂದವರು ಉಳಿಯುತ್ತಾರೆ.

ಹೊಸ ಶೀರ್ಷಿಕೆ ಎಲ್ಲಿಂದ?

ಚೈನ್ ವಿಡಿಯೊಗೆ ಮರಳೋಣ. ತಿದ್ದುವ ಮೊದಲು ಇದರಲ್ಲೂ ವೀಕ್ಷಣಾ ಅವಧಿ ನೋಡಲೇಬೇಕು. ಎಂಟು ನಿಮಿಷದ ವಿಡಿಯೊವನ್ನು ಸರಾಸರಿ 4 ನಿಮಿಷ 40 ಸೆಕೆಂಡು ನೋಡಿದ್ದಾರೆ. ಇಷ್ಟೇ ಉದ್ದದ ಇತರ ವಿಡಿಯೊಗಳಲ್ಲಿ ಅದು 3 ನಿಮಿಷ 50 ಸೆಕೆಂಡು. ಒಳಗಿರುವುದು ಒಳ್ಳೆಯ ಸರಕು, ಬಾಗಿಲ ಮೇಲಿನ ಬರಹ ಮಾತ್ರ ಅದನ್ನು ಹೇಳುತ್ತಿಲ್ಲ. ಅವಧಿಯೂ ಕಡಿಮೆ ಇದ್ದಿದ್ದರೆ ಶೀರ್ಷಿಕೆ ತಿದ್ದಿ ಹೆಚ್ಚು ಜನರನ್ನು ಕರೆತಂದು ನಿರಾಸೆಪಡಿಸಿದಂತಾಗುತ್ತಿತ್ತು.

Traffic sourceನಲ್ಲಿ YouTube search ಮೇಲೆ ಕ್ಲಿಕ್ ಮಾಡಿದರೆ ಜನ ಟೈಪ್ ಮಾಡಿದ ಪದಗಳ ಪಟ್ಟಿ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ ‘ಸೈಕಲ್ ಚೈನ್ ಜಾರುತ್ತದೆ’, ‘ಚೈನ್ ಯಾವಾಗ ಬದಲಿಸಬೇಕು’ ಎಂಬವು ಮೇಲಿವೆ. ‘ನಿರ್ವಹಣೆ’ ಎಂದು ಯಾರೂ ಹುಡುಕಿಲ್ಲ. ‘ಭಾಗ 3’ ಎಂಬುದಂತೂ ಹೊಸಬನಿಗೆ ಮೊದಲೆರಡು ಭಾಗ ನೋಡದೆ ಇದು ಅರ್ಥವಾಗದು ಎಂದು ಹೇಳಿ ಕಳಿಸಿಬಿಡುತ್ತದೆ. ವಿಡಿಯೊದಲ್ಲಿ ನಿಜವಾಗಿ ತೋರಿಸಿರುವುದು ಅಳತೆಪಟ್ಟಿ ಇಟ್ಟು ಚೈನಿನ ಸವೆತ ಪತ್ತೆಹಚ್ಚುವುದನ್ನು. ಆದ್ದರಿಂದ ಹೊಸ ಶೀರ್ಷಿಕೆ: ‘ಸೈಕಲ್ ಚೈನ್ ಜಾರುತ್ತಿದೆಯೇ? ಸ್ಕೇಲ್ ಇಟ್ಟು ಸವೆತ ಅಳೆಯಿರಿ’. ಶೀರ್ಷಿಕೆಗೆ 100 ಅಕ್ಷರಗಳ ಮಿತಿಯಿದ್ದರೂ ಫೋನಿನಲ್ಲಿ ಅಷ್ಟೂ ಕಾಣಿಸುವುದಿಲ್ಲ. ಹುಡುಕುವವನ ಪದಗಳು ಮೊದಲೇ ಬರಲಿ.

ಬದಲಿಸಿದ ಮೇಲೆ

ಆ ದಿನ ಥಂಬ್‌ನೇಲನ್ನು ಮುಟ್ಟಬೇಡಿ, ಎರಡನ್ನೂ ಒಟ್ಟಿಗೆ ಬದಲಿಸಿದರೆ ಫಲ ಯಾವುದರದು ಎಂದು ತಿಳಿಯುವುದಿಲ್ಲ. ಹಳೆಯ ಶೀರ್ಷಿಕೆ, ಬದಲಿಸಿದ ದಿನಾಂಕ, ಹಿಂದಿನ 28 ದಿನಗಳ ಹುಡುಕಾಟದ ಇಂಪ್ರೆಷನ್ ಮತ್ತು ಕ್ಲಿಕ್ ಪ್ರಮಾಣ ಇಷ್ಟನ್ನೂ ಬರೆದಿಡಿ. ಆಮೇಲೆ 28 ದಿನ ಕಾಯಿರಿ. ಅಂಕಿಗಳು ಪುಟಕ್ಕೆ ಬರಲು ತಡವಾಗುವುದರಿಂದ ಇನ್ನೂ ಎರಡು ಮೂರು ದಿನ ಸೇರಿಸಿ.

ಹಿಂದಿನ 28 ದಿನಗಳಲ್ಲಿ ಹುಡುಕಾಟದ 5,000 ಇಂಪ್ರೆಷನ್‌ಗೆ 100 ಕ್ಲಿಕ್ ಇತ್ತು, ಈಗ 5,400ಕ್ಕೆ 248 ಆಗಿದೆ ಎನ್ನೋಣ. ವರ್ಗಮೂಲದ ಲೆಕ್ಕದಲ್ಲಿ ಮೊದಲಿನದು ಹೆಚ್ಚೆಂದರೆ 120ರವರೆಗೆ ಹೋಗಬಹುದಿತ್ತು, ಹೊಸದು 217ರ ಕೆಳಗೆ ಇಳಿಯುವುದು ಅಪರೂಪ. ನಡುವೆ ದೊಡ್ಡ ಅಂತರವಿದೆ, ಇದು ಆಕಸ್ಮಿಕವಲ್ಲ. ವೀಕ್ಷಣಾ ಅವಧಿ 4 ನಿಮಿಷ 25 ಸೆಕೆಂಡಿಗೆ ಇಳಿದಿದ್ದರೆ ಚಿಂತೆಯಿಲ್ಲ, ಹೆಚ್ಚು ಜನ ಬಂದಾಗ ತುಸು ಇಳಿಯುತ್ತದೆ. ಎರಡು ನಿಮಿಷಕ್ಕೆ ಕುಸಿದಿದ್ದರೆ ಮಾತ್ರ ಹೊಸ ಶೀರ್ಷಿಕೆಯೂ ವಿಡಿಯೊದಲ್ಲಿ ಇಲ್ಲದ್ದನ್ನು ಹೇಳುತ್ತಿದೆ ಎಂದರ್ಥ.

ಈ ಹೋಲಿಕೆ ಕೈಕೊಡುವ ಸಂದರ್ಭವೂ ಒಂದಿದೆ. ಅದೇ ತಿಂಗಳಲ್ಲಿ ಮಳೆಗಾಲ ಶುರುವಾಗಿ ತುಕ್ಕು ಹಿಡಿದ ಚೈನ್‌ಗಳ ಬಗ್ಗೆ ಹುಡುಕಾಟವೇ ಏರಿದ್ದರೆ ಹೆಚ್ಚಳದ ಒಂದು ಪಾಲು ಹವೆಯದು. ಇದನ್ನು ಪರೀಕ್ಷಿಸಲು, ನೀವು ಮುಟ್ಟದೆ ಬಿಟ್ಟ ಪಂಕ್ಚರ್ ವಿಡಿಯೊದ ಹುಡುಕಾಟದ ಕ್ಲಿಕ್ ಪ್ರಮಾಣವನ್ನೂ ಅದೇ ಎರಡು ಅವಧಿಗಳಲ್ಲಿ ತೆಗೆದು ನೋಡಿ. ಅದು ಶೇ 6.5ರ ಆಸುಪಾಸಿನಲ್ಲೇ ನಿಂತಿದ್ದರೆ ಚೈನ್ ವಿಡಿಯೊಗೆ ಬಂದ ಏರಿಕೆಯನ್ನು ಶೀರ್ಷಿಕೆಯ ಲೆಕ್ಕಕ್ಕೆ ಬರೆಯಬಹುದು. ಏರಿಕೆಯೇ ಕಾಣದಿದ್ದರೆ ಹಳೆಯ ಶೀರ್ಷಿಕೆಗೆ ಮರಳುವ ಅಗತ್ಯವಿಲ್ಲ, ಹುಡುಕಾಟದ ಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲಿದ್ದ ‘ಚೈನ್ ಯಾವಾಗ ಬದಲಿಸಬೇಕು’ ಎಂಬುದನ್ನು ಮುಂದಿನ 28 ದಿನ ಇಟ್ಟು ನೋಡಿ.