ಕೊನೆಯ ಅಂಕಿ ಲೆಕ್ಕದಲ್ಲಿ ಶೇಷ 0 ಬಂದಾಗ

ಮಾಕ್ ಟೆಸ್ಟ್‌ನಲ್ಲಿ 38⁶⁴ ರ ಕೊನೆಯ ಅಂಕಿ ಕೇಳಿದ್ದರು. ಕೊನೆಯ ಅಂಕಿಗೆ 38ರ 8 ಮಾತ್ರ ನೋಡಿದರೆ ಸಾಕು, ಅದರ ಘಾತಗಳ ಕೊನೆಯ ಅಂಕಿ ನಾಲ್ಕು ಘಾತಕ್ಕೊಮ್ಮೆ ಮರಳಿ ಬರುತ್ತದೆ ಅಂತ 64 ಅನ್ನು 4ರಿಂದ ಭಾಗಿಸಿದೆ, ಶೇಷ 0. ಹಾಗಾದರೆ 8⁰, ಅಂದರೆ 1 ಅಂತ ಗುರುತು ಹಾಕಿದೆ. ತಪ್ಪು. ಸಮ ಸಂಖ್ಯೆಯ ಘಾತ 1ರಲ್ಲಿ ಮುಗಿಯೋದು ಹೇಗೆ ಸಾಧ್ಯ ಅಂತ ಆಗಲೇ ಹೊಳೆಯಬೇಕಿತ್ತು.

ಮನೆಗೆ ಬಂದು ಕೈಯಲ್ಲೇ ಬರೆದು ನೋಡಿದೆ: 8, 64, 512, 4096. ಕೊನೆಯ ಅಂಕಿಗಳು 8, 4, 2, 6, ಆಮೇಲೆ ಮತ್ತೆ 8. ಈ ಸುತ್ತಿನಲ್ಲಿ 1 ಇಲ್ಲವೇ ಇಲ್ಲ. ಶೇಷ 0 ಅಂದರೆ ಸುತ್ತು ಪೂರ್ತಿ ಆಗಿದೆ ಅಂತ, ಹಾಗಾಗಿ ನಾಲ್ಕನೇ ಘಾತ ತಗೋಬೇಕು. ಉತ್ತರ 6.

ಇಷ್ಟು ದಿನ ಈ ತಪ್ಪು ಯಾಕೆ ಸಿಕ್ಕಿಬೀಳಲಿಲ್ಲ ಅಂದರೆ, ನಾನು ಜಾಸ್ತಿ ಅಭ್ಯಾಸ ಮಾಡಿದ್ದು 3, 7, 9ರ ಮೇಲೆ, ಅವುಗಳ ನಾಲ್ಕನೇ ಘಾತ (81, 2401, 6561) ಹೇಗೂ 1ರಲ್ಲೇ ಮುಗಿಯುತ್ತದೆ, ತಪ್ಪು ದಾರಿಯಲ್ಲೂ ಸರಿ ಉತ್ತರ ಬರುತ್ತಿತ್ತು! 2, 4, 6, 8ಕ್ಕೆ ಅದು 6, 5ಕ್ಕೆ 5.

ಇನ್ನೊಂದು ಮಾತು, ಈ 4ರ ಸುತ್ತು ಕೊನೆಯ ಅಂಕಿಗೆ ಮಾತ್ರ. 2⁶⁴ ಅನ್ನು 7ರಿಂದ ಭಾಗಿಸಿದರೆ ಶೇಷ ಎಷ್ಟು ಅಂತ ಕೇಳಿದರೆ ಸುತ್ತು ಬೇರೆ. 2³ = 8, ಶೇಷ 1, ಹಾಗಾಗಿ ಸುತ್ತು 3ರದ್ದು. 64 = 3×21 + 1, ಉತ್ತರ 2.