ಪ್ರವಚನದ ಸಾರಾಂಶದಲ್ಲಿ ಪೂರ್ವಪಕ್ಷವನ್ನು ಬೇರ್ಪಡಿಸಿದ ಬಗೆ

ತುಮಕೂರಿನಲ್ಲಿ ನಡೆದ ಗೀತಾ ಪ್ರವಚನವೊಂದರ ಧ್ವನಿಮುದ್ರಣವನ್ನು ಒಂದು ಪುಟಕ್ಕೆ ಇಳಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಸಮಿತಿಯವರು ಕೊಟ್ಟ ಕರಡಿನಲ್ಲಿ, 2ನೇ ಅಧ್ಯಾಯದ 47ನೇ ಶ್ಲೋಕದ ಕೆಳಗೆ, ‘ಫಲದ ವಿಚಾರವನ್ನೇ ಮಾಡಬಾರದು’ ಎಂಬುದು ಸ್ವಾಮಿಗಳ ಬೋಧನೆಯಾಗಿ ದಾಖಲಾಗಿತ್ತು. ಧ್ವನಿಮುದ್ರಣವನ್ನು ಕೇಳಿದಾಗ, ಅದು ಅವರು ಖಂಡಿಸುವ ಸಲುವಾಗಿಯೇ ಮುಂದಿಟ್ಟ ಪೂರ್ವಪಕ್ಷವೆಂದು ತಿಳಿಯಿತು. ‘ಹಾಗಾದರೆ ರೈತ ಬಿತ್ತನೆಯ ಕಾಲ ನೋಡಬಾರದೇ?’ ಎಂದು ಕೇಳಿ, ಫಲವನ್ನು ಯೋಚಿಸಬಹುದು, ಅದಕ್ಕೆ ಅಂಟಿಕೊಳ್ಳಬಾರದು ಎಂದು ಅವರು ಮುಗಿಸಿದ್ದರು.

ಹಾಗಾಗಿ ಮೊದಲು ಮಾತನ್ನು ಇದ್ದಂತೆಯೇ ಬರೆದುಕೊಂಡು, ಪ್ರತಿ ವಾಕ್ಯದ ಅಂಚಿನಲ್ಲಿ ನಿಮಿಷವನ್ನೂ, ಅದು ಶ್ಲೋಕವೋ, ಪೂರ್ವಪಕ್ಷವೋ, ದೃಷ್ಟಾಂತವೋ, ಸ್ವಾಮಿಗಳದೇ ನಿಲುವಾದ ಸಿದ್ಧಾಂತವೋ ಎಂಬುದನ್ನೂ ಗುರುತಿಸಿದೆ. ‘ಎನ್ನುತ್ತಾರೆ’, ‘ಅಂದುಕೊಳ್ಳೋಣ’ ಎಂಬ ಕ್ರಿಯಾಪದಗಳು ಪೂರ್ವಪಕ್ಷದ ಸುಳಿವು ಕೊಡುತ್ತವೆ. ಆದರೆ ಕೆಲವೊಮ್ಮೆ ಅವು ಇರುವುದಿಲ್ಲ, ದನಿಯ ಏರಿಳಿತವಷ್ಟೇ ಆಧಾರ, ಆದ್ದರಿಂದ ಬರಹವನ್ನು ಮಾತ್ರ ನೋಡಿ ನಿರ್ಧರಿಸುವಂತಿಲ್ಲ.

ಸಾರಾಂಶಕ್ಕೆ ಸಿದ್ಧಾಂತದ ವಾಕ್ಯಗಳನ್ನಷ್ಟೇ, ‘ಗೃಹಸ್ಥರಿಗೆ’ ಎಂಬಂಥ ಮಿತಿಪದಗಳ ಸಮೇತ ತೆಗೆದುಕೊಂಡೆ. ರೈತನ ದೃಷ್ಟಾಂತವನ್ನು ಉಳಿಸಿದರೂ ಅದರಿಂದ ಹೊಸ ನೀತಿಯನ್ನು ಹಿಂಡಲಿಲ್ಲ (ಆ ಆಸೆ ಬಲವಾದದ್ದು). ನಿಮಿಷದ ಗುರುತು ಕೊಡಲಾಗದ ‘ಆದ್ದರಿಂದ ಇಂದಿನ ಯುವಕರು’ ಎಂಬ ಕರಡಿನ ವಾಕ್ಯವನ್ನು ಅಳಿಸಿದೆ. ಗದ್ದಲದಲ್ಲಿ ಮಾತು ಮುಳುಗಿದ ಕಡೆ ‘ಧ್ವನಿ ಅಸ್ಪಷ್ಟ’ ಎಂದಷ್ಟೇ ಬರೆದೆ.