1999ರ ಐದು ರೂಪಾಯಿ, ‘ನಕಲಿ’ ಎಂದ ಗ್ರಾಹಕರಿಗೆ ನಾನು ಕಳಿಸಿದ ಉತ್ತರ

ಹಳೆ ನಾಣ್ಯಗಳನ್ನು ಅಂಚೆಯಲ್ಲಿ ಕಳಿಸಿ ಮಾರುತ್ತೇನೆ. ಒಮ್ಮೆ 1999ರ ಐದು ರೂಪಾಯಿ ಕೊಂಡವರೊಬ್ಬರು ಬರೆದರು: ‘ಇದು ನಕಲಿ. ಇಸವಿಯ ಕೆಳಗೆ ಏನೋ ಮೂರು ಅಕ್ಷರ ಇದೆ. ನಮ್ಮ ದೇಶದ ಯಾವ ಟಂಕಸಾಲೆಯ ಗುರುತೂ ಅದಲ್ಲ.’

ಓದಿ ಬೇಜಾರಾಯಿತು. ಆದರೆ ಅವರು ನೋಡಿದ್ದು ಸರಿಯಾಗಿಯೇ ಇತ್ತು. ಮುಂಬೈಗೆ ವಜ್ರದ ಗುರುತು, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಕ್ಕೆ ಚುಕ್ಕಿ, ಕೋಲ್ಕತ್ತಕ್ಕೆ ಗುರುತೇ ಇಲ್ಲ. ಇಷ್ಟು ಗೊತ್ತಿದ್ದವರಿಗೆ ಅನುಮಾನ ಬರುವುದು ಸಹಜ ಅಲ್ವಾ? ಅವರ ಕೈಗೆ ಬಂದದ್ದು ಮಾಸ್ಕೋದಲ್ಲಿ ಅಚ್ಚಾದ ನಾಣ್ಯ. ಆ ಮೂರು ಅಕ್ಷರ ರಷ್ಯನ್ ಲಿಪಿಯ ಎಂ, ಎಂ, ಡಿ. ಆಗ ದೇಶದಲ್ಲಿ ಚಿಲ್ಲರೆಗೆ ತುಂಬಾ ಕೊರತೆ ಇತ್ತು. ಸರ್ಕಾರ ಹೊರದೇಶದ ಟಂಕಸಾಲೆಗಳಿಂದಲೂ ನಾಣ್ಯ ಮಾಡಿಸಿ ತರಿಸಿತ್ತು.

ತಪ್ಪು ನನ್ನದೂ ಇತ್ತು. ಮಾರಾಟಕ್ಕೆ ಹಾಕಿದ್ದ ಫೋಟೋ ಫ್ಲಾಶ್ ಬಿದ್ದು ಬೆಳ್ಳಗಾಗಿತ್ತು, ಗುರುತೇ ಕಾಣುತ್ತಿರಲಿಲ್ಲ. ‘ಮಾಸ್ಕೋ’ ಅಂತ ಒಂದು ಪದವನ್ನೂ ನಾನು ಬರೆದಿರಲಿಲ್ಲ.

ಸುಮ್ನೆ ‘ಅಸಲಿ ಸರ್, ನಂಬಿ’ ಅಂದರೆ ಯಾರು ನಂಬುತ್ತಾರೆ? ಅಂಥದ್ದೇ ಇನ್ನೊಂದು ಮಾಸ್ಕೋ ನಾಣ್ಯ ನನ್ನ ಹತ್ತಿರ ಇತ್ತು. ಅದರ ಪಕ್ಕದಲ್ಲಿ ಮುಂಬೈ, ಹೈದರಾಬಾದಿನ ಐದು ರೂಪಾಯಿ ಇಟ್ಟೆ. ಕಿಟಕಿಯ ಬೆಳಕಿನಲ್ಲಿ, ಬೂದು ರಟ್ಟಿನ ಮೇಲೆ, ಮೂರನ್ನೂ ಒಂದೇ ಫೋಟೋದಲ್ಲಿ ತೆಗೆದೆ. ಬೇರೆ ಬೇರೆ ತೆಗೆದರೆ ಬೆಳಕಿನ ವ್ಯತ್ಯಾಸವೇ ನಾಣ್ಯದ ವ್ಯತ್ಯಾಸದಂತೆ ಕಾಣುತ್ತದೆ. ಆಮೇಲೆ ಬೆಳಕು ಓರೆಯಾಗಿ ಬೀಳುವಂತೆ ತಿರುಗಿಸಿ ಇಸವಿಯ ಜಾಗವನ್ನು ಮಾತ್ರ ಹತ್ತಿರದಿಂದ ತೆಗೆದೆ. ಈಗ ಮೂರು ಅಕ್ಷರ ಎದ್ದು ಕಂಡವು.

ಅಂಚಿನ ಫೋಟೋ ಇನ್ನೂ ಮುಖ್ಯ. ನಾಣ್ಯವನ್ನು ನಿಲ್ಲಿಸಿ ತೆಗೆದೆ. ಈ ನಾಣ್ಯದ ಅಂಚಿನಲ್ಲಿ ಹಲ್ಲುಗಳ ನಡುವೆ ಸುತ್ತಲೂ ಒಂದು ಸಣ್ಣ ತೋಡು ಇರುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದ ನಕಲಿಗಳಲ್ಲಿ ಆ ತೋಡು ಕೆಟ್ಟಿರುತ್ತದೆ, ಇಲ್ಲವೇ ಅಂಚಿನಲ್ಲಿ ಬೆಸುಗೆಯಂಥ ಗೆರೆ ಕಾಣುತ್ತದೆ. ಅಕ್ಷರಗಳ ಸುತ್ತ ಸಣ್ಣ ಗುಳಿಗಳೂ ಇರುತ್ತವೆ.

ಕೊನೆಗೆ ತೂಕ. ಫೋಟೋದಲ್ಲಿ ತೂಕ ಕಾಣುವುದಿಲ್ಲ, ಹಾಗಾಗಿ ತಕ್ಕಡಿಯ ಮೇಲಿಟ್ಟು ತೆಗೆದೆ: 8.97 ಗ್ರಾಂ. ಇರಬೇಕಾದದ್ದು 9. ಓಡಾಡಿದ ನಾಣ್ಯ ಅಷ್ಟು ಸವೆದಿರುತ್ತದೆ. ಆದರೆ ಇದೆಲ್ಲ ನನ್ನ ಹತ್ತಿರ ಇದ್ದ ನಾಣ್ಯದ ಮಾತು. ಅದಕ್ಕೇ ಬರೆದೆ:

‘ಸರ್, ನಿಮ್ಮ ಅನುಮಾನದಲ್ಲಿ ತಪ್ಪಿಲ್ಲ. ಗುರುತಿನ ವಿಷಯ ಮೊದಲೇ ಹೇಳಬೇಕಿತ್ತು, ಕ್ಷಮಿಸಿ. ನಿಮ್ಮ ನಾಣ್ಯದ ಅಂಚನ್ನು ಈ ಫೋಟೋದ ಜೊತೆ ಹೋಲಿಸಿ. ಆಭರಣದ ಅಂಗಡಿಯಲ್ಲಿ ತೂಗಿಸಿ. ಅಯಸ್ಕಾಂತವನ್ನೂ ಹತ್ತಿರ ಹಿಡಿಯಿರಿ, ತಾಮ್ರ-ನಿಕ್ಕಲ್ ನಾಣ್ಯ ಅಂಟುವುದಿಲ್ಲ. ಆಮೇಲೂ ಸಮಾಧಾನ ಆಗದಿದ್ದರೆ ವಾಪಸ್ ಕಳಿಸಿ, ಅಂಚೆ ಖರ್ಚೂ ಸೇರಿ ಹಣ ಕೊಡುತ್ತೇನೆ.’

ಎರಡು ದಿನ ಬಿಟ್ಟು ಅವರೇ ತಕ್ಕಡಿಯ ಫೋಟೋ ಕಳಿಸಿದರು: 8.95. ಜೊತೆಗೆ ಇನ್ನೊಂದು ಫೋಟೋ. ಅವರ ಮನೆಯ ಡಬ್ಬಿಯಲ್ಲಿದ್ದ 1985ರ ಒಂದು ರೂಪಾಯಿ, ಇಸವಿಯ ಕೆಳಗೆ ‘ಎಚ್’ ಅಕ್ಷರ. ‘ಇದೂ ಹೊರಗಿನದಾ?’ ಅಂತ ಕೇಳಿದ್ದರು. ಹೌದು ಸರ್, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಹೀಟನ್ ಟಂಕಸಾಲೆಯದು ಅಂತ ಬರೆದೆ.